ಮೊದಲು ಪಿ ಬರೆದೆ, ಆಮೇಲೆ ಕ್ಯೂ ಬಂತು: ಪರೀಕ್ಷೆಯಲ್ಲಿ ತಲೆ ಖಾಲಿಯಾದಾಗ

ನಾನು ಸೆಕೆಂಡ್ ಪಿಯು ಸೈನ್ಸ್ ಓದಿದ್ದು 2017ರಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಗೆ ಬಂದ ಮೇಲೆ ಎಲ್ಲವೂ ಇಂಗ್ಲಿಷ್. ಅರ್ಥ ಆಗದ ಕಡೆ ಏನು ಮಾಡುತ್ತೇವೆ? ಉರು ಹೊಡೆಯುತ್ತೇವೆ. ನಾನೂ ಅದನ್ನೇ ಮಾಡಿದ್ದೆ. ಫಿಸಿಕ್ಸ್ ನೋಟ್ಸಿನ ಡಿರೈವೇಶನ್‌ಗಳನ್ನು ಮೊದಲ ಪದದಿಂದ ಕೊನೆಯ ಪದದವರೆಗೆ, ಸಹಸ್ರನಾಮ ಹೇಳುವ ಹಾಗೆ ಹೇಳುತ್ತಿದ್ದೆ.

ಪ್ರಿಪರೇಟರಿ ಪರೀಕ್ಷೆಯ ದಿನ ಅದು ಕೈಕೊಟ್ಟಿತು. ಗಾಸ್ ನಿಯಮ ಬಳಸಿ, ಉದ್ದನೆಯ ನೇರ ತಂತಿಯ ಸುತ್ತಲಿನ ವಿದ್ಯುತ್ ಕ್ಷೇತ್ರ ಕಂಡುಹಿಡಿಯಬೇಕಿತ್ತು. ಹಿಂದಿನ ರಾತ್ರಿ ಅಮ್ಮನ ಮುಂದೆ ತಪ್ಪಿಲ್ಲದೆ ಒಪ್ಪಿಸಿದ್ದ ಉತ್ತರ. 'ಕನ್ಸಿಡರ್ ಎ' ಅಂತ ಬರೆದೆ. ಮುಂದಿನ ಪದ ಬರಲಿಲ್ಲ. ನಮ್ಮ ನೋಟ್ಸಿನಲ್ಲಿ ಅರ್ಧಕ್ಕರ್ಧ ಉತ್ತರಗಳು ಶುರುವಾಗುವುದೇ ಕನ್ಸಿಡರ್‌ನಿಂದ! ಯಾವುದನ್ನು ಕನ್ಸಿಡರ್ ಮಾಡಬೇಕು ಅನ್ನುವುದೇ ಹೊಳೆಯದೆ ಅದೇ ಸಾಲನ್ನು ನೋಡುತ್ತಾ ಕೂತೆ.

ಆಗ ನಾನು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮಾಡುವುದು ಅವನ್ನೇ. ಮೊದಲನೆಯದು, ಪ್ರಶ್ನೆಯನ್ನು ಮತ್ತೆ ಮತ್ತೆ ಓದಿದೆ. ಏಳೆಂಟು ಸಲ ಓದಿರಬೇಕು. ಓದಿದಷ್ಟೂ ಅಕ್ಷರಗಳು ಬರೀ ಅಕ್ಷರಗಳಾದವು. ಎರಡನೆಯದು, ಯಾರೋ ಹೇಳಿದ್ದು ನೆನಪಾಗಿ ಜೋರಾಗಿ ದೊಡ್ಡ ದೊಡ್ಡ ಉಸಿರು ಎಳೆದುಕೊಂಡೆ. ಎದೆ ಢವಢವ ಅನ್ನುವಾಗ ಹಾಗೆ ಗಬಗಬನೆ ಉಸಿರಾಡಿದರೆ ಮೈಯಿಂದ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ತಲೆ ಹಗುರಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಇದೆಲ್ಲ ಆಗ ಗೊತ್ತಿರಲಿಲ್ಲ. ಬೆರಳು ಜುಮ್ಮೆಂದಾಗ ನನಗೇನೋ ಆಗಿಬಿಡುತ್ತಿದೆ ಅಂತ ಇನ್ನಷ್ಟು ಹೆದರಿದೆ. ಮೂರನೆಯದು ಎಲ್ಲಕ್ಕಿಂತ ದುಬಾರಿ: ಆ ಪ್ರಶ್ನೆಯನ್ನು ಬಿಟ್ಟು ಕದಲಲಿಲ್ಲ. ಬೆಲ್ ಹೊಡೆದಾಗ ಗಡಿಯಾರ ನೋಡಿದರೆ ನಲವತ್ತು ನಿಮಿಷ ಹೋಗಿತ್ತು. 70ಕ್ಕೆ 26 ಬಂತು.

ಪೇಪರ್ ಕೊಡುವ ದಿನ ಫಿಸಿಕ್ಸ್ ಸರ್ ಸ್ಟಾಫ್ ರೂಮಿಗೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಉತ್ತರ ಪತ್ರಿಕೆಯ ಪುಟ ತಿರುವುತ್ತಾ ಒಂದೇ ಮಾತು ಕೇಳಿದರು: "ನಾನು ಬೋರ್ಡ್ ಮೇಲೆ ಯಾವತ್ತೂ ಚಿತ್ರ ಮೊದಲು ಬರೀತೀನಿ. ನೀನ್ಯಾಕಮ್ಮಾ ಚಿತ್ರ ಕೊನೆಗೆ ಹಾಕ್ತೀಯಾ?"

ನಿಜ. ನಾನು ಮಾತು ಮುಗಿಸಿ, ಜಾಗ ಉಳಿದರೆ ಚಿತ್ರ ಹಾಕುತ್ತಿದ್ದೆ. ಮನೆಗೆ ಹೋಗಿ ಸುಮ್ನೆ ಒಂದು ತಂತಿ ಎಳೆದು, ಅದರ ಸುತ್ತ ಸಿಲಿಂಡರ್ ಹಾಕಿ ನೋಡಿದೆ. ಸಿಲಿಂಡರ್ ಬಂದ ಕೂಡಲೇ ಅದಕ್ಕೊಂದು ತ್ರಿಜ್ಯ ಬೇಕು, ಉದ್ದ ಬೇಕು. ಉದ್ದ ಬಂದರೆ ಒಳಗಿನ ಚಾರ್ಜ್ ಎಷ್ಟು ಅಂತ ಬರೆಯಲೇಬೇಕು. ಒಂದು ಇನ್ನೊಂದನ್ನು ಕೈಹಿಡಿದು ಕರೆತಂದಿತು. ಬಾಯಿಪಾಠ ಹಾಗಲ್ಲ. ಅದು ಮಣಿಸರದ ಹಾಗೆ, ದಾರ ಒಂದು ಕಡೆ ಕಿತ್ತರೆ ಅಷ್ಟೂ ಮಣಿ ನೆಲಕ್ಕೆ. ಒಳಗೆ ಹೋಗಲು ಒಂದೇ ಬಾಗಿಲು, ಮೊದಲ ಪದ. ಹೆದರಿದಾಗ ಮೊದಲು ಜಾಮ್ ಆಗುವುದು ಅದೇ ಬಾಗಿಲು.

ವಾರ್ಷಿಕ ಪರೀಕ್ಷೆಗೆ ಒಂದು ತಿಂಗಳ ಚಿಲ್ಲರೆ ದಿನ ಉಳಿದಿತ್ತು. ಅಷ್ಟರಲ್ಲಿ ಎಲ್ಲವನ್ನೂ ಹೊಸದಾಗಿ ಓದಲು ಸಾಧ್ಯವಿರಲಿಲ್ಲ. ಹಾಗಾಗಿ ಎರಡೇ ಅಭ್ಯಾಸ ಇಟ್ಟುಕೊಂಡೆ.

ಒಂದು, ಚೀಟಿ ಡಬ್ಬ. ಹಳೆಯ ಪ್ರಶ್ನೆಪತ್ರಿಕೆಗಳಿಂದ ನಲವತ್ತು ಡಿರೈವೇಶನ್‌ಗಳ ಹೆಸರನ್ನು ಚೀಟಿಯಲ್ಲಿ ಬರೆದು, ಅಮ್ಮನ ಕುಂಕುಮದ ಹಳೇ ಸ್ಟೀಲ್ ಡಬ್ಬಕ್ಕೆ ಹಾಕಿದೆ. ದಿನಕ್ಕೆ ಹತ್ತು ಚೀಟಿ. ಒಂದು ಎತ್ತಿದರೆ ಒಂದು ನಿಮಿಷ, ಆ ಒಂದು ನಿಮಿಷದಲ್ಲಿ ವಾಕ್ಯ ಬರೆಯುವ ಹಾಗಿಲ್ಲ. ಚಿತ್ರ, ಅದರ ಮೇಲೆ ಅಕ್ಷರಗಳು, ಗೊತ್ತಿದ್ದರೆ ಕೊನೆಯ ಸೂತ್ರ, ಅಷ್ಟೇ. ಪೂರ್ತಿ ಉತ್ತರ ಬರೆಯುವ ಗೋಜಿಗೇ ಹೋಗಲಿಲ್ಲ. ನನಗೆ ಬೇಕಾಗಿದ್ದದ್ದು ಇನ್ನೊಂದು ಬಾಗಿಲು ಮಾತ್ರ.

ಎರಡು, ಎದೆ ಬಡಿದುಕೊಳ್ಳುವಾಗ ಬರೆಯುವುದು. ಫ್ಯಾನ್ ಕೆಳಗೆ ಆರಾಮಾಗಿ ಕೂತು ಕಲಿತದ್ದು ಹಾಲ್‌ನಲ್ಲಿ ಸಿಗುವುದಿಲ್ಲ, ಅಲ್ವಾ? ಹಾಗಾಗಿ ಮನೆಯ ಮೆಟ್ಟಿಲು ಐದಾರು ಸಲ ಓಡಿ ಹತ್ತಿ ಇಳಿದು, ಏದುಸಿರು ಬಿಡುತ್ತಲೇ ಚೀಟಿ ಎತ್ತುತ್ತಿದ್ದೆ. ಅಜ್ಜಿ "ಈ ಹುಡುಗಿಗೆ ಓದಿ ಓದಿ ತಲೆ ಕೆಟ್ಟಿದೆ" ಅಂತ ಪಕ್ಕದ ಮನೆಯವರಿಗೆ ಹೇಳಿದರು. ಮೆಟ್ಟಿಲಿನ ಎದೆಬಡಿತವೂ ಭಯದ ಎದೆಬಡಿತವೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ಎದೆ ಹೊಡೆದುಕೊಳ್ಳುತ್ತಿದ್ದರೂ ಕೈ ಬರೆಯುತ್ತದೆ ಅನ್ನುವುದು ಕೈಗೆ ಗೊತ್ತಾಯಿತು. ಉಸಿರನ್ನೂ ಅಲ್ಲೇ ಸರಿಮಾಡಿಕೊಂಡೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಮೆಲ್ಲಗೆ ಒಳಗೆ, ತುಟಿ ಸಣ್ಣಗೆ ಮಾಡಿ ಬಿಸಿ ಕಾಫಿ ಆರಿಸುವ ಹಾಗೆ ಏಳು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವುದು ಉದ್ದ ಇರಬೇಕು, ಅಷ್ಟೇ ಮುಖ್ಯ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿಯೇ ಸ್ವಲ್ಪ ನಿಧಾನವಾಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿದರೆ ಎಷ್ಟೋ ಜನರಿಗೆ ಅದು ಗೊತ್ತಾಗುತ್ತದೆ. ಇಂಥ ಐದು ಉಸಿರಿಗೆ ಹೆಚ್ಚುಕಡಿಮೆ ಒಂದು ನಿಮಿಷ.

ಮಾರ್ಚ್‌ನಲ್ಲಿ ವಾರ್ಷಿಕ ಪರೀಕ್ಷೆ. ಹತ್ತೂಕಾಲಿಗೆ ಪ್ರಶ್ನೆಪತ್ರಿಕೆ ಕೈಗೆ ಬಂತು, ಮೊದಲ ಹದಿನೈದು ನಿಮಿಷ ಬರೀ ಓದಿಕೊಳ್ಳಲು. ಒಂದು ಅಂಕದ್ದು, ಎರಡು ಅಂಕದ್ದು ಸರಾಗವಾಗಿ ಮುಗಿದವು. ಐದು ಅಂಕದ ಭಾಗಕ್ಕೆ ಬಂದಾಗ ವೀಟ್‌ಸ್ಟೋನ್ ಬ್ರಿಡ್ಜ್ ಆರಿಸಿಕೊಂಡೆ. ಕಿರ್ಕಾಫ್ ನಿಯಮಗಳಿಂದ ಸಮತೋಲನದ ಷರತ್ತನ್ನು ಸಾಧಿಸಬೇಕು. ಸುಲಭ ಅಂತಲೇ ಆರಿಸಿದ್ದು. ಪ್ರಶ್ನೆಯ ನಂಬರ್ ಹಾಕಿದೆ. ಅಷ್ಟೇ, ಎಲ್ಲ ಅಳಿಸಿಹೋಯಿತು. ಕಿರ್ಕಾಫ್ ಅನ್ನುವ ಹೆಸರೂ ಯಾರದೋ ಮನೆಯ ಹೆಸರಿನ ಹಾಗೆ ಕಂಡಿತು.

ಮತ್ತೆ ಬಂತಲ್ಲ ಅಂತ ಕೈ ತಣ್ಣಗಾಯಿತು. ಆದರೆ ಈ ಸಲ ಒಂದು ಲೆಕ್ಕ ಮೊದಲೇ ಮಾಡಿಟ್ಟುಕೊಂಡಿದ್ದೆ. ಬರೆಯಲು 180 ನಿಮಿಷ, ಅಂಕ 70. ಒಂದು ಅಂಕಕ್ಕೆ ಎರಡೂವರೆ ನಿಮಿಷ. ಅಂದರೆ ನಾಲ್ಕು ನಿಮಿಷ ದಂಡವಾದರೂ ಹೋಗುವುದು ಎರಡು ಅಂಕದೊಳಗೆ. ನಾಲ್ಕು ನಿಮಿಷ ಕೊಡುತ್ತೇನೆ, ಆಮೇಲೆ ಎರಡು ಪುಟ ಬಿಟ್ಟು ಮುಂದೆ ಹೋಗುತ್ತೇನೆ ಅಂತ ಮನೆಯಲ್ಲೇ ತೀರ್ಮಾನವಾಗಿತ್ತು. ಹಾಲ್‌ನಲ್ಲಿ ಕೂತು ತೀರ್ಮಾನ ಮಾಡುವಷ್ಟು ತಲೆ ಆಗ ಇರುವುದಿಲ್ಲ.

ಪೆನ್ ಕೆಳಗಿಟ್ಟೆ. ಪ್ರಶ್ನೆಪತ್ರಿಕೆ ಬೋರಲು ಹಾಕಿದೆ. ಇದು ಮುಖ್ಯ, ಇಲ್ಲದಿದ್ದರೆ ಕಣ್ಣು ಮತ್ತೆ ಅದೇ ಸಾಲಿಗೆ ಹೋಗುತ್ತದೆ. ಅಂಗೈಗಳನ್ನು ಡೆಸ್ಕ್ ಮೇಲೆ ಒತ್ತಿ ಐದು ಉಸಿರು ಬಿಟ್ಟೆ. ಕೊಠಡಿಯಲ್ಲಿದ್ದ ಮೇಡಂ ಹತ್ತಿರ ಬಂದು "ಏನಮ್ಮಾ, ಹುಷಾರಿಲ್ವಾ? ನೀರು ಬೇಕಾ?" ಅಂದರು. ಹೂಂ ಅಂದೆ. ನೀರು ಕುಡಿದಿದ್ದೂ ಒಳ್ಳೆಯದಾಯಿತು. ನುಂಗುವಾಗ ಗಬಗಬನೆ ಉಸಿರಾಡಲು ಆಗುವುದಿಲ್ಲ.

ಆಮೇಲೆ ಪೆನ್ಸಿಲ್ ತೆಗೆದುಕೊಂಡೆ. ಪೆನ್ ಅಲ್ಲ. ಪೆನ್ಸಿಲ್‌ನಲ್ಲಿ ಬರೆದದ್ದು ತಪ್ಪಾದರೂ ಅಳಿಸಬಹುದಲ್ಲ, ಅಷ್ಟರಮಟ್ಟಿಗೆ ಧೈರ್ಯ. ಗಾಳಿಪಟದ ಹಾಗೆ ಒಂದು ಚೌಕ ಎಳೆದೆ. ಯಾವ ಸೂತ್ರವೂ ನೆನಪಿಲ್ಲದೆ, ಬರೀ ಗಾಳಿಪಟ. ಎಡ ಮೂಲೆಗೆ A, ಮೇಲೆ B, ಬಲಕ್ಕೆ C, ಕೆಳಗೆ D. ಮೇಲಿನ ಎಡ ಬದಿಗೆ P ಅಂತ ಬರೆದೆ. P ಬರೆದ ಮೇಲೆ ಪಕ್ಕದಲ್ಲಿ Q ಬರದೆ ಇರುತ್ತದೆಯೇ? ಕೆಳಗೆ R, S. ನಡುವೆ ಖಾಲಿ ಇದ್ದ ಜಾಗವನ್ನು ನೋಡಿದಾಗ ಅಲ್ಲಿ ಗ್ಯಾಲ್ವನೋಮೀಟರ್ ಇರಬೇಕು ಅನ್ನಿಸಿತು. ಹಾಕಿದೆ. ಬ್ಯಾಟರಿ ಹೊರಗಿನಿಂದ, A ಮತ್ತು Cಗೆ. ಬ್ಯಾಟರಿ ಇದ್ದರೆ ಕರೆಂಟ್ ಹರಿಯಬೇಕು. ಬಾಣ ಹಾಕಿದೆ. Aಗೆ ಬಂದ ಕರೆಂಟ್ ಎರಡಾಗಿ ಒಡೆಯುವುದನ್ನು ತೋರಿಸುವಾಗ ಕಿರ್ಕಾಫ್ ವಾಪಸ್ ಬಂದ. ಬಂದದ್ದನ್ನು ಸಮೀಕರಣ ಮಾಡಿದೆ:

```
I1·P + Ig·G − I2·R = 0
(I1 − Ig)·Q − (I2 + Ig)·S − Ig·G = 0
```

ಸಮತೋಲನ ಅಂದರೆ ಗ್ಯಾಲ್ವನೋಮೀಟರ್‌ನಲ್ಲಿ ಕರೆಂಟ್ ಇಲ್ಲ. Ig ಸೊನ್ನೆ ಮಾಡಿದರೆ ಉಳಿಯುವುದು ಇಷ್ಟೇ:

```
I1·P = I2·R
I1·Q = I2·S
P/Q = R/S
```

ಇದರಲ್ಲಿ ಉರು ಹೊಡೆದ ಇಂಗ್ಲಿಷ್ ವಾಕ್ಯ ಒಂದೂ ಇರಲಿಲ್ಲ. ಸಮೀಕರಣಗಳ ನಡುವೆ ನನ್ನದೇ ಮುರುಕು ಇಂಗ್ಲಿಷಿನಲ್ಲಿ ಎರಡು ಮೂರು ಸಾಲು ಸೇರಿಸಿದೆ. ಪೆನ್ ಕೆಳಗಿಟ್ಟಲ್ಲಿಂದ ಬಾಣ ಹಾಕುವವರೆಗೆ ಮೂರೂವರೆ ನಿಮಿಷ ಆಗಿತ್ತು.

ಇದು ಯಾವಾಗಲೂ ನಡೆಯುತ್ತದೆ ಅನ್ನಲಾರೆ. ಅದೇ ವಾರ ಕೆಮಿಸ್ಟ್ರಿಯಲ್ಲಿ ಒಂದು ನೇಮ್ ರಿಯಾಕ್ಷನ್ ಮರೆತುಹೋಯಿತು. ಚಿತ್ರ, ಉಸಿರು, ನೀರು ಯಾವುದಕ್ಕೂ ಜಗ್ಗಲಿಲ್ಲ. ಅರ್ಧ ಪುಟ ಬಿಟ್ಟು ಮುಂದೆ ಹೋದೆ. ಮುಕ್ಕಾಲು ಗಂಟೆ ಆದ ಮೇಲೆ ಯಾವುದೋ ಲೆಕ್ಕ ಮಾಡುವಾಗ ತಾನಾಗಿಯೇ ಬಂತು. ಓಡಿ ಹೋಗಿ ಬರೆದೆ ಅನ್ನುವ ಹಾಗೆ ಪುಟ ತಿರುಗಿಸಿ ಬರೆದೆ. ಇನ್ನೊಂದು ಪ್ರಶ್ನೆ ಬರಲೇ ಇಲ್ಲ, ಯಾಕೆಂದರೆ ಆ ಪಾಠ ನಾನು ಓದಿರಲಿಲ್ಲ. ಓದಿ ಮರೆತದ್ದಕ್ಕೂ ಓದದೆ ಇದ್ದದ್ದಕ್ಕೂ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಓದಿ ಮರೆತಿದ್ದರೆ ಆ ಪುಟ ಎಡಗಡೆ ಇತ್ತೋ ಬಲಗಡೆಯೋ, ಯಾವ ಬಣ್ಣದಲ್ಲಿ ಗೆರೆ ಎಳೆದಿದ್ದೆ ಅನ್ನುವುದಾದರೂ ಕಣ್ಣ ಮುಂದೆ ಬರುತ್ತದೆ. ಹಾಗೇನೂ ಬರದಿದ್ದರೆ ನಾಲ್ಕು ನಿಮಿಷವನ್ನೂ ಕೊಡಬೇಡಿ.

ನನ್ನ ತಂಗಿಯದು ಬೇರೆ ಕಥೆ. ಅವಳಿಗೆ ಪರೀಕ್ಷೆಯ ಬೆಳಗ್ಗೆ ವಾಂತಿ, ಹಾಲ್‌ನಲ್ಲಿ ಕಣ್ಣು ಕತ್ತಲೆ. ನನ್ನ ಚೀಟಿ ಡಬ್ಬ ಅವಳಿಗೆ ಉಪಯೋಗಕ್ಕೆ ಬರಲಿಲ್ಲ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು, ಅಲ್ಲಿಂದ ಸುಧಾರಿಸಿತು. ಈಗಾದರೆ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಗ ಅದಿರಲಿಲ್ಲ.

ರಿಸಲ್ಟ್ ಬಂದ ಮೇಲೆ ಫಿಸಿಕ್ಸ್ ಉತ್ತರ ಪತ್ರಿಕೆಯ ಪ್ರತಿಗೆ ದುಡ್ಡು ಕಟ್ಟಿ ತರಿಸಿಕೊಂಡೆ. ಅಂಕ ಕಡಿಮೆಯಾಗಿದೆ ಅಂತಲ್ಲ, ಆ ಪುಟ ನೋಡಬೇಕಿತ್ತು. ಗಾಳಿಪಟ ಒಂದು ಕಡೆಗೆ ವಾಲಿತ್ತು. P ಅನ್ನು ಎಷ್ಟು ಒತ್ತಿ ಬರೆದಿದ್ದೆನೆಂದರೆ ಪ್ರತಿಯಲ್ಲೂ ಅದು ಉಳಿದ ಅಕ್ಷರಗಳಿಗಿಂತ ಕಪ್ಪಗೆ ಬಿದ್ದಿತ್ತು. ಐದಕ್ಕೆ ನಾಲ್ಕು ಕೊಟ್ಟಿದ್ದರು. D ಇಂದ Cಗೆ ಹೋಗುವ ಕರೆಂಟಿಗೆ ಬಾಣ ಹಾಕುವುದನ್ನು ಮರೆತಿದ್ದೆ.