ಹಳೆ ಕಂಪ್ಯೂಟರ್, 16 ಚಿಪ್‌ನ ರ‍್ಯಾಮ್

ಬದಿಯಡ್ಕದ ನಮ್ಮ ಮನೆಯಲ್ಲಿ ಅಪ್ಪ ಅಡಿಕೆ ಲೆಕ್ಕ ಬರೆಯುತ್ತಿದ್ದ ಡೆಸ್ಕ್‌ಟಾಪ್ ಇತ್ತು. ಕೋರ್ 2 ಡ್ಯುಯೋ, ಜಿ41 ಚಿಪ್‌ಸೆಟ್‌ನ ಮದರ್‌ಬೋರ್ಡು, 2 ಜಿಬಿ ರ‍್ಯಾಮ್. ಆಫ್ ಮಾಡಿದಾಗೆಲ್ಲ ತಾರೀಕು ಹಿಂದಕ್ಕೆ ಹೋಗುತ್ತಿತ್ತು. ಬೋರ್ಡಿನ CR2032 ಸೆಲ್ ಬದಲಿಸಿದೆ, ಸರಿಯಾಯಿತು.

ಕಾಡಿದ್ದು ರ‍್ಯಾಮ್. ಅಂಗಡಿಯಿಂದ 4 ಜಿಬಿ ಡಿಡಿಆರ್3 ತಂದು ಹಾಕಿದರೆ ಬರೀ ಬೀಪ್, ಪರದೆ ಕಪ್ಪು. "ಬೋರ್ಡೇ ಹೋಗಿದೆ ಮಾರಾಯ" ಎಂದ ಅಣ್ಣ. ಆದರೆ ಹಳೆ ಸ್ಟಿಕ್ ಹಾಕಿದರೆ ಆನ್ ಆಗುತ್ತಿತ್ತಲ್ವಾ? ಹೊಸದನ್ನು ತಿರುಗಿಸಿ ನೋಡಿದೆ. ಒಂದೇ ಬದಿಗೆ 8 ಚಿಪ್. 8 ಗಿಗಾಬಿಟ್ ಸೇರಿದರೆ 1 ಜಿಬಿ, ಅಂದರೆ ಇಲ್ಲಿ ಒಂದೊಂದು ಚಿಪ್ಪೂ 4 ಗಿಗಾಬಿಟ್. ಜಿ41 ಓದುವುದು 2 ಗಿಗಾಬಿಟ್ ಚಿಪ್ ತನಕ ಮಾತ್ರ. ಹಾಗಾಗಿ 4 ಜಿಬಿ ಬೇಕಾದರೆ ಎರಡೂ ಬದಿ ಸೇರಿ 16 ಚಿಪ್ ಇರಬೇಕು. ಅಂಥ ಸೆಕೆಂಡ್ ಹ್ಯಾಂಡ್ ಸ್ಟಿಕ್ ಬದಲಿಸಿ ತಂದೆ, ಬೂಟ್ ಆಯಿತು.

ಆಮೇಲೆ 240 ಜಿಬಿ ಸಾಟಾ ಎಸ್‌ಎಸ್‌ಡಿ. ಇಲ್ಲಿರುವುದು ಹಳೆಯ, ನಿಧಾನದ ಸಾಟಾ 2 ಪೋರ್ಟ್, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ. ಆದರೂ ಚಿಕ್ಕ ಚಿಕ್ಕ ಫೈಲ್‌ಗಳಿಗಾಗಿ ಡಿಸ್ಕ್ ತಿರುಗುವುದನ್ನು ಕಾಯಬೇಕಿಲ್ಲ. ವ್ಯತ್ಯಾಸ ಗೊತ್ತಾಗುವುದು ಅಲ್ಲೇ. ಲಿನಕ್ಸ್ ಮಿಂಟ್ ಹಾಕಿದ್ದೇನೆ. ಟೈಪಿಂಗ್, ಪ್ರಾಜೆಕ್ಟ್ ಕೆಲಸಕ್ಕೆ ಧಾರಾಳ ಸಾಕು. ಎಚ್‌ಡಿ ವಿಡಿಯೋ ಮಾತ್ರ ಈಗಲೂ ತಡವರಿಸುತ್ತದೆ, ಅದು ಪ್ರಾಸೆಸರಿನ ಮಿತಿ.