ಕಟ್ಟಡದ ನಕ್ಷೆ ಸರ್ವೆ ಗೂಟಕ್ಕೆ ಕೂರಬೇಕಾದರೆ

ಉಡುಪಿಯಲ್ಲಿ ಒಂದು ಮನೆಯ ಕೆಲಸ ಅಂದುಕೊಳ್ಳಿ. ಮುರಕಲ್ಲಿನ ಕಾಂಪೌಂಡಿನ ಎರಡು ಮೂಲೆಗಳಲ್ಲಿ ಸಿಮೆಂಟ್ ಹಾಕಿ ಮೊಳೆ ಕೂರಿಸಿದ್ದಾರೆ. ಈ ಎರಡು ಸರ್ವೆ ಗೂಟಗಳಿಗೆ ಸರ್ವೆಯವರು ಕೊಟ್ಟ ಯುಟಿಎಂ ಅಂಕಿ ಹೀಗಿದೆ:

```
S1  471842.310,1474605.420
S2  471878.310,1474632.420
```

ನಮ್ಮ ಕರಾವಳಿ ಯುಟಿಎಂನ 43ನೇ ವಲಯದಲ್ಲಿದೆ. ಇಲ್ಲಿ ಈಸ್ಟಿಂಗ್‌ಗೆ ಆರು ಅಂಕಿ, ನಾರ್ದಿಂಗ್‌ಗೆ ಏಳು. ಸರ್ವೆ ಪಟ್ಟಿಯಲ್ಲಿ ಎಷ್ಟೋ ಸಲ ನಾರ್ದಿಂಗ್ ಮೊದಲಿರುತ್ತದೆ. ಆಟೋಕ್ಯಾಡ್‌ನಲ್ಲಿ ಆರಂಕಿಯದ್ದೇ ಮೊದಲು ಬರಬೇಕು. ತಿರುಗುಮುರುಗಾದರೆ ಜಾಗ ಕನ್ನಡಿಯಲ್ಲಿ ಕಂಡ ಹಾಗೆ ಮಗುಚುತ್ತದೆ.

ದೊಡ್ಡ ಅಂಕಿ ಬೇಡ ಅಂತ ಸರ್ವೆ ಡ್ರಾಯಿಂಗನ್ನೇ 0,0ಗೆ ಎಳೆಯಬೇಡಿ. ನಾನು ಹಾಗೆ ಮಾಡಿ, ಗುರುತು ಹಾಕುವ ದಿನ ಒಂದು ಅಂಕಿಯೂ ಟೋಟಲ್ ಸ್ಟೇಷನ್‌ಗೆ ತಾಳೆಯಾಗದೆ ಇಡೀ ಬೆಳಗ್ಗೆ ಕಳೆದಿದ್ದೇನೆ. ಸರ್ವೆ ಇದ್ದಲ್ಲೇ ಇರಲಿ, ಮನೆಯ ನಕ್ಷೆ ಅಲ್ಲಿಗೆ ಬರಲಿ.

ಮೊದಲು ಎರಡೂ ಫೈಲಿನಲ್ಲಿ `UNITS` ನೋಡಿ. ಸರ್ವೆ ಮೀಟರ್, ನಕ್ಷೆ ಮಿಲಿಮೀಟರ್ ಅಂತ ಸರಿಯಾಗಿದ್ದರೆ, ನಕ್ಷೆಯನ್ನು ಸರ್ವೆ ಫೈಲಿಗೆ ಎಕ್ಸ್‌ರೆಫ್ ಮಾಡುವಾಗ ಅಳತೆ ತಾನಾಗಿ ಹೊಂದಿಕೊಳ್ಳುತ್ತದೆ. ಆಮೇಲೆ `ALIGN` ಕೊಟ್ಟು ನಕ್ಷೆಯನ್ನು ಆರಿಸಿ ಎಂಟರ್ ಒತ್ತಿ. ನಕ್ಷೆಯಲ್ಲಿನ ಕಾಂಪೌಂಡಿನ ಮೂಲೆಯಿಂದ S1ಗೆ, ಇನ್ನೊಂದು ಮೂಲೆಯಿಂದ S2ಗೆ ತೋರಿಸಿ ಎಂಟರ್ ಒತ್ತಿ. ಸ್ಕೇಲ್ ಮಾಡಲಾ ಅಂತ ಕೇಳುತ್ತದೆ. No ಅನ್ನಿ.

ಇಲ್ಲೇ ಜಾಸ್ತಿ ಜನ ಎಡವುವುದು. ಮೇಲಿನ ಅಂಕಿಗಳ ಪ್ರಕಾರ S1ರಿಂದ S2ಗೆ ಸರಿಯಾಗಿ 45 ಮೀಟರ್. ಟೇಪ್ ಹಿಡಿದರೆ 45.018 ಬರುತ್ತದೆ. ಅದು ತಪ್ಪಲ್ಲ. ಉಡುಪಿಯಲ್ಲಿ ಯುಟಿಎಂ ದೂರ ನೆಲದ ದೂರದ 0.9996ರಷ್ಟು ಮಾತ್ರ. S1 ಕರಾರುವಾಕ್ಕಾಗಿ ಕೂತು, S2 ಹತ್ತಿರ ನಕ್ಷೆ 18 ಮಿಲಿಮೀಟರ್ ಆಚೆ ಹೋದರೆ ಹಾಗೇ ಬಿಡಿ. Yes ಅಂದರೆ ಮನೆಯೇ ಕುಗ್ಗುತ್ತದೆ, ಗೋಡೆಯ ಅಳತೆಗಳೆಲ್ಲ ಸುಮ್ನೆ ಕೆಡುತ್ತವೆ. ವ್ಯತ್ಯಾಸ ಅರ್ಧ ಅಡಿ ಇದ್ದರೆ ಮಾತ್ರ ಗಡಿ ಗೆರೆಯನ್ನೇ ಅನುಮಾನಿಸಿ. ಮೂರನೇ ಗೂಟವೊಂದಿದ್ದರೆ ಅದನ್ನೂ ತಾಳೆ ನೋಡಿ.

ಈಗ ಮೇಸ್ತ್ರಿಗೆ ಬೇಕಾದ 0,0. `UCS` ಕೊಟ್ಟು ಮನೆಯ ಮುಂದಿನ ಮೂಲೆಯನ್ನೂ, ಮುಂದಿನ ಗೋಡೆಯ ಮೇಲೊಂದು ಬಿಂದುವನ್ನೂ ಒತ್ತಿ, ಎಂಟರ್ ಹೊಡೆಯಿರಿ. ನಂತರ ಅದನ್ನು MANE ಹೆಸರಲ್ಲಿ ಉಳಿಸಿ ನೋಟ ತಿರುಗಿಸಿ:

```
UCS  NA  S  MANE
PLAN  C
```

ಮನೆ ಪರದೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ತಿರುಗಿದ್ದು ನೋಟ ಮಾತ್ರ, ಗೂಟಗಳ ಅಂಕಿ ಬದಲಾಗಿಲ್ಲ. ಈ ಸ್ಥಿತಿಯಲ್ಲೇ ಸರ್ವೆ ಅಂಕಿ ಟೈಪ್ ಮಾಡಬೇಕಾದರೆ ಮುಂದೊಂದು ನಕ್ಷತ್ರ ಹಾಕಿದರಾಯಿತು: `*471842.310,1474605.420`.

ಪ್ಲಂಬಿಂಗ್, ವಯರಿಂಗ್‌ನವರಿಗೆ ಹೀಗೆ ಕೂರಿಸಿದ ಫೈಲನ್ನೇ ಕೊಡಿ. ಅವರು ಅದರ ಮೇಲೆ ಬರೆದದ್ದನ್ನು 0,0,0ರಲ್ಲಿ ಸೇರಿಸುವ ಮೊದಲು `UCS` `W` ಕೊಟ್ಟು ಸರ್ವೆಯ ಅಂಕಿಗೆ ಮರಳಿ. ಮರೆತರೆ 0,0 ಅಂದರೆ ಮನೆಯ ಮೂಲೆ ಅಂತಾಗಿ, ಅವರ ಡ್ರಾಯಿಂಗ್ ಎಲ್ಲೋ ದೂರ ಹೋಗಿ ಬೀಳುತ್ತದೆ. ಸರ್ವೆಯವರಿಗೆ ಕಂಬಗಳ ಅಂಕಿಯನ್ನು `ID`ಯಿಂದ ತೆಗೆದುಕೊಡುವಾಗಲೂ ಅಷ್ಟೇ. ಓದಿದ ಅಂಕಿ 47ರಿಂದ ಶುರುವಾಗದಿದ್ದರೆ ನೀವಿನ್ನೂ MANEಯಲ್ಲೇ ಇದ್ದೀರಿ.