ಲಾಭ ಬಂದದ್ದು ಎಲ್ಲಿಂದ? ವಾರ್ಷಿಕ ವರದಿಯಿಂದ ಒಂದು ಪುಟದ ಸಾರಾಂಶ

ಕಾಸರಗೋಡು, ಮಂಜೇಶ್ವರ ಕಡೆಯ ಬಿ.ಕಾಂ. ಮಕ್ಕಳಿಗೆ ಕಂಪನಿಯೊಂದರ ವಾರ್ಷಿಕ ವರದಿ ಓದಿ ಒಂದು ಪುಟದ ಸಾರಾಂಶ ಬರೆಯಿರಿ ಎಂದರೆ, ಹೆಚ್ಚಿನವರು ಹೋಗುವುದು ವರದಿಯ ಮೊದಲ ಹತ್ತು ಪುಟಗಳಿಗೆ. ಅಲ್ಲಿ ಬಣ್ಣದ ಚಿತ್ರಗಳಿವೆ, ಅಧ್ಯಕ್ಷರ ಪತ್ರ ಇದೆ, ದಪ್ಪ ಅಕ್ಷರದ ಅಂಕಿಗಳೂ ಇವೆ. ಬರೆದುಕೊಳ್ಳುವುದು ಸುಲಭ. ಆದರೆ ಆ ಅಂಕಿಗಳನ್ನು ಆರಿಸಿದ್ದು ಕಂಪನಿ, ನೀವಲ್ಲ. ನಿಮಗೆ ಬೇಕಾದದ್ದು ಹಿಂದಿನ ಪುಟಗಳಲ್ಲಿದೆ.

ಇನ್ಫೋಸಿಸ್‌ನ 2023-24ರ ವರದಿಯನ್ನೇ ಹಿಡಿದುಕೊಂಡು ನೋಡೋಣ. ಕಂಪನಿಯ ವೆಬ್‌ಸೈಟಿನ ಹೂಡಿಕೆದಾರರ ಪುಟದಲ್ಲಿ ಇದರ ಪಿಡಿಎಫ್ ಸಿಗುತ್ತದೆ.

ಸರಿಯಾದ ಪುಟ ಹುಡುಕುವುದು

ಪಿಡಿಎಫ್ ತೆರೆದು `Consolidated Statement of Profit and Loss` ಎಂದು ಹುಡುಕಿ. ಇಲ್ಲಿ `Consolidated` ಎಂಬ ಪದವೇ ಮುಖ್ಯ. ಪ್ರತಿ ದೊಡ್ಡ ಕಂಪನಿ ಎರಡು ಲೆಕ್ಕ ಕೊಡುತ್ತದೆ. ಸ್ಟ್ಯಾಂಡಲೋನ್ ಅಂದರೆ ಮೂಲ ಕಂಪನಿಯದ್ದು ಮಾತ್ರ. ಕನ್ಸಾಲಿಡೇಟೆಡ್ ಅಂದರೆ ಅಂಗಸಂಸ್ಥೆಗಳನ್ನೂ ಸೇರಿಸಿದ್ದು. ಎರಡೂ ಪಟ್ಟಿಗಳು ನೋಡಲು ಒಂದೇ ಥರ ಇರುತ್ತವೆ.

ಇವೆರಡು ಬೆರಕೆಯಾದರೆ ಏನಾಗುತ್ತದೆ ನೋಡಿ. 2023-24ರ ಕನ್ಸಾಲಿಡೇಟೆಡ್ ಆದಾಯ 1,53,670 ಕೋಟಿ ರೂಪಾಯಿ. ಹಿಂದಿನ ವರ್ಷಕ್ಕೆ ಕೈತಪ್ಪಿ ಸ್ಟ್ಯಾಂಡಲೋನ್ ಅಂಕಿ 1,24,014 ಕೋಟಿ ತೆಗೆದುಕೊಂಡರೆ ಬೆಳವಣಿಗೆ ಸುಮಾರು ಶೇ 24 ಬರುತ್ತದೆ. ನಿಜವಾದ ಬೆಳವಣಿಗೆ ಶೇ 4.7 ಅಷ್ಟೇ. ಐಟಿ ಕಂಪನಿಗಳಿಗೆ ಕಷ್ಟವಾಗಿದ್ದ ವರ್ಷದಲ್ಲಿ ಶೇ 24 ಕಂಡರೆ ಅಲ್ಲೇ ಸಂಶಯ ಬರಬೇಕು.

ಇದನ್ನು ತಪ್ಪಿಸುವ ದಾರಿ ಸುಲಭ. ಎರಡೂ ವರ್ಷದ ಅಂಕಿಗಳನ್ನು ಒಂದೇ ವರದಿಯ ಒಂದೇ ಪುಟದಿಂದ ತೆಗೆದುಕೊಳ್ಳಿ. ಹಳೆಯ ವರ್ಷದ ವರದಿಯನ್ನು ಬೇರೆ ತೆರೆಯಬೇಡಿ. ಕೆಲವೊಮ್ಮೆ ಕಂಪನಿ ಹಿಂದಿನ ವರ್ಷದ ಅಂಕಿಗಳನ್ನು ಹೊಸ ಪದ್ಧತಿಗೆ ತಕ್ಕಂತೆ ಮರುಹೊಂದಿಸಿರುತ್ತದೆ. ಹೋಲಿಕೆಗೆ ಬೇಕಾದದ್ದು ಆ ಮರುಹೊಂದಿಸಿದ ಅಂಕಿ.

ಯಾವ ಸಾಲುಗಳು ಬೇಕು

ಆ ಪುಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಲುಗಳಿವೆ. ನಿಮಗೆ ಬೇಕಾದದ್ದು ಐದು: ಆದಾಯ, ಇತರೆ ಆದಾಯ, ಹಣಕಾಸು ವೆಚ್ಚ, ತೆರಿಗೆಗೆ ಮುಂಚಿನ ಲಾಭ, ಕೊನೆಗೆ ಕಂಪನಿಯ ಷೇರುದಾರರಿಗೆ ಸೇರುವ ನಿವ್ವಳ ಲಾಭ.

ಕಾರ್ಯಾಚರಣೆ ಲಾಭ ಅಂತ ಒಂದು ಸಾಲು ಅಲ್ಲಿ ಇರುವುದಿಲ್ಲ. ಮುಖ್ಯ ವ್ಯವಹಾರದಿಂದಲೇ ಎಷ್ಟು ಉಳಿಯಿತು ಎಂದು ಹೇಳುವ ಅಂಕಿ ಇದು, ಹಾಗಾಗಿ ನೀವೇ ಲೆಕ್ಕ ಹಾಕಬೇಕು. ತೆರಿಗೆಗೆ ಮುಂಚಿನ ಲಾಭದಿಂದ ಇತರೆ ಆದಾಯ ಕಳೆಯಿರಿ, ಹಣಕಾಸು ವೆಚ್ಚ ಕೂಡಿಸಿ. 2023-24ಕ್ಕೆ 35,988ರಿಂದ 4,711 ಕಳೆದು 470 ಕೂಡಿಸಿದರೆ 31,747 ಕೋಟಿ. ಅದರ ಹಿಂದಿನ ವರ್ಷಕ್ಕೆ 33,322ರಿಂದ 2,701 ಕಳೆದು 284 ಕೂಡಿಸಿದರೆ 30,905 ಕೋಟಿ.

ಬದಲಾವಣೆ ಲೆಕ್ಕ

ನಮ್ಮ ದೇಶದ ವರದಿಗಳಲ್ಲಿ ಸಾಮಾನ್ಯವಾಗಿ ಈ ವರ್ಷದ ಅಂಕಿ ಎಡಕ್ಕೆ, ಹಿಂದಿನದ್ದು ಬಲಕ್ಕೆ. ಎಕ್ಸೆಲ್‌ನಲ್ಲಿಯೂ ಅದೇ ಕ್ರಮದಲ್ಲಿ ಈ ವರ್ಷದ್ದನ್ನು B ಕಾಲಂನಲ್ಲಿ, ಹಿಂದಿನದ್ದನ್ನು C ಕಾಲಂನಲ್ಲಿ ಇಟ್ಟುಕೊಂಡರೆ ಸೂತ್ರ ಹೀಗೆ:

```
=(B2-C2)/C2
```

ಭಾಗಿಸಬೇಕಾದದ್ದು ಯಾವಾಗಲೂ ಹಳೆಯ ವರ್ಷದಿಂದ. ಕಾಲಂ ತಿರುಗುಮುರುಗಾದರೆ ಆದಾಯದ ಸಾಲಿನಲ್ಲಿ ಶೇ 4.7 ಏರಿಕೆಯ ಬದಲು ಶೇ 4.5 ಇಳಿಕೆ ಕಾಣಿಸುತ್ತದೆ. ಹಿಂದಿನ ವರ್ಷ ನಷ್ಟವಿದ್ದ ಕಂಪನಿಯಾದರೆ ಶೇಕಡಾ ಲೆಕ್ಕಕ್ಕೆ ಅರ್ಥವೇ ಇಲ್ಲ. ಅಲ್ಲಿ ಸುಮ್ನೆ "ನಷ್ಟದಿಂದ ಲಾಭಕ್ಕೆ" ಎಂದು ಬರೆಯಿರಿ.

ಈಗ ಸಿಗುವ ಪಟ್ಟಿ ಇದು. ಅಂಕಿಗಳು ಕೋಟಿ ರೂಪಾಯಿಗಳಲ್ಲಿ.

| | 2023-24 | 2022-23 | ಬದಲಾವಣೆ |
|---|---|---|---|
| ಆದಾಯ | 1,53,670 | 1,46,767 | ಶೇ 4.7 |
| ಕಾರ್ಯಾಚರಣೆ ಲಾಭ | 31,747 | 30,905 | ಶೇ 2.7 |
| ಇತರೆ ಆದಾಯ | 4,711 | 2,701 | ಶೇ 74.4 |
| ನಿವ್ವಳ ಲಾಭ | 26,233 | 24,095 | ಶೇ 8.9 |

ಕಾರ್ಯಾಚರಣೆ ಲಾಭವನ್ನು ಆದಾಯದಿಂದ ಭಾಗಿಸಿದರೆ ಮಾರ್ಜಿನ್ ಸಿಗುತ್ತದೆ. ಅದು ಶೇ 21.06ರಿಂದ ಶೇ 20.66ಕ್ಕೆ ಇಳಿದಿದೆ. ಇದನ್ನು "ಶೇ 0.4ರಷ್ಟು ಇಳಿಕೆ" ಎಂದು ಬರೆಯಬೇಡಿ. ಒಂದು ಶೇಕಡಾದಿಂದ ಇನ್ನೊಂದನ್ನು ಕಳೆದಾಗ ಬರುವುದು ಬೇರೆ ಅಳತೆ. ಶೇ 1ರ ನೂರನೇ ಒಂದು ಭಾಗಕ್ಕೆ ಬೇಸಿಸ್ ಪಾಯಿಂಟ್ ಎನ್ನುತ್ತಾರೆ; "40 ಬೇಸಿಸ್ ಪಾಯಿಂಟ್ ಇಳಿಕೆ" ಎಂದರೆ ಗೊಂದಲವಿಲ್ಲ.

ಪಟ್ಟಿ ಏನು ಹೇಳುತ್ತಿದೆ

ಹಲವರು ಪಟ್ಟಿ ಆದ ಕೂಡಲೇ ಪೆನ್ನು ಕೆಳಗಿಡುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿ. ಶೇಕಡಾ ಕಾಲಂ ಮೇಲಿಂದ ಕೆಳಗೆ ನೋಡಿ. ಆದಾಯ ಶೇ 4.7 ಏರಿದೆ, ಕಾರ್ಯಾಚರಣೆ ಲಾಭ ಅದಕ್ಕಿಂತ ಕಡಿಮೆ ಏರಿದೆ. ಹಾಗಿದ್ದೂ ನಿವ್ವಳ ಲಾಭ ಶೇ 8.9 ಜಾಸ್ತಿ. ಎಲ್ಲೋ ಏನೋ ಬೇರೆ ನಡೆದಿದೆ, ಅಲ್ವಾ?

ಇಂಥ ಜಾಗದಲ್ಲಿ ಶೇಕಡಾ ಬಿಟ್ಟು ರೂಪಾಯಿಗೆ ಬನ್ನಿ. ತೆರಿಗೆಗೆ ಮುಂಚಿನ ಲಾಭ 2,666 ಕೋಟಿ ಹೆಚ್ಚಿದೆ. ಅದರಲ್ಲಿ ಮುಖ್ಯ ವ್ಯವಹಾರದಿಂದ ಬಂದ ಹೆಚ್ಚಳ 842 ಕೋಟಿ. ಇತರೆ ಆದಾಯದಿಂದ 2,010 ಕೋಟಿ. ಹಣಕಾಸು ವೆಚ್ಚ 186 ಕೋಟಿ ಜಾಸ್ತಿಯಾಗಿ ಅಷ್ಟನ್ನು ತಿಂದಿದೆ. ಮೂರನ್ನೂ ಕೂಡಿಸಿ ಕಳೆದರೆ ಸರಿಯಾಗಿ 2,666. ಲೆಕ್ಕ ಹೀಗೆ ಕೂಡಿಬಂದರೆ ಯಾವ ಸಾಲನ್ನೂ ಬಿಟ್ಟಿಲ್ಲ ಎಂದು ಅರ್ಥ. ಕೂಡಿಬಾರದಿದ್ದರೆ ಮುಂದೆ ಹೋಗಬೇಡಿ.

ಇತರೆ ಆದಾಯ ಅಷ್ಟು ಏರಿದ್ದು ಯಾಕೆ? ಅದಕ್ಕೆ ಟಿಪ್ಪಣಿಗಳಿಗೆ ಹೋಗಬೇಕು. ಲಾಭ-ನಷ್ಟದ ಮುಖ್ಯ ಸಾಲುಗಳ ಪಕ್ಕ ಒಂದು ಟಿಪ್ಪಣಿ ಸಂಖ್ಯೆ ಇರುತ್ತದೆ, ಅದನ್ನು ಹಿಡಿದು ಹೋಗಿ. ಆ ವರ್ಷದ ಹೆಚ್ಚಳದ ದೊಡ್ಡ ಪಾಲು ಆದಾಯ ತೆರಿಗೆ ಮರುಪಾವತಿಯ ಮೇಲೆ ಸಿಕ್ಕ ಬಡ್ಡಿ. ಅಡಿಕೆ ಫಸಲು ಹೆಚ್ಚುಕಮ್ಮಿ ಹೋದ ವರ್ಷದಷ್ಟೇ ಇದ್ದು, ತೋಟದ ಬದಿಯ ತೇಗದ ಮರ ಮಾರಿದ್ದರಿಂದ ಮನೆಯ ವರಮಾನ ಏರಿದ ಹಾಗೆ. ಹಣ ಸುಳ್ಳಲ್ಲ, ಆದರೆ ಮುಂದಿನ ವರ್ಷ ಮಾರಲು ಆ ಮರ ಇರುವುದಿಲ್ಲ.

ಆದಾಯದ ಶೇ 4.7ರಲ್ಲೂ ಒಂದು ಮಾತಿದೆ. ಇನ್ಫೋಸಿಸ್‌ಗೆ ಹೆಚ್ಚಿನ ಹಣ ಬರುವುದು ಡಾಲರ್ ಮತ್ತಿತರ ವಿದೇಶಿ ಕರೆನ್ಸಿಗಳಲ್ಲಿ. ವಿನಿಮಯ ದರದ ಏರಿಳಿತ ತೆಗೆದುಹಾಕಿ ಕಂಪನಿಯೇ ಕೊಟ್ಟ ಬೆಳವಣಿಗೆ ಶೇ 1.4 ಮಾತ್ರ. ರಫ್ತು ಕಂಪನಿಯ ಸಾರಾಂಶದಲ್ಲಿ ಈ ಅಂಕಿ ಬಿಟ್ಟುಹೋಗಬಾರದು.

ಬರೆಯುವುದು

ಪಟ್ಟಿಯ ಕೆಳಗೆ ನಾಲ್ಕೈದು ವಾಕ್ಯ ಸಾಕು. ಹೀಗೆ ಬರೆಯಬಹುದು:

"2023-24ರಲ್ಲಿ ಆದಾಯ ಶೇ 4.7 ಏರಿ 1,53,670 ಕೋಟಿ ರೂಪಾಯಿ ತಲುಪಿತು. ವಿನಿಮಯ ದರದ ಪರಿಣಾಮ ಬಿಟ್ಟರೆ ಏರಿಕೆ ಶೇ 1.4. ಕಾರ್ಯಾಚರಣೆ ಮಾರ್ಜಿನ್ 40 ಬೇಸಿಸ್ ಪಾಯಿಂಟ್ ಇಳಿಯಿತು. ನಿವ್ವಳ ಲಾಭ ಶೇ 8.9 ಏರಿದರೂ ತೆರಿಗೆಗೆ ಮುಂಚಿನ ಹೆಚ್ಚಳದ ಸುಮಾರು ಮುಕ್ಕಾಲು ಪಾಲಿನಷ್ಟು ಮೊತ್ತ ಇತರೆ ಆದಾಯದ್ದು. ಇದು ಪ್ರತಿ ವರ್ಷ ಬರುವಂಥದ್ದಲ್ಲ."

ಪ್ರತಿ ಅಂಕಿಯ ಪಕ್ಕ ವರದಿಯ ಪುಟ ಸಂಖ್ಯೆ ಹಾಕಿ. ಪುಟದಲ್ಲಿ ಅಚ್ಚಾದ ಸಂಖ್ಯೆಗೂ ಪಿಡಿಎಫ್ ತೋರಿಸುವ ಸಂಖ್ಯೆಗೂ ವ್ಯತ್ಯಾಸ ಇರಬಹುದು. ಯಾವುದನ್ನು ಕೊಟ್ಟಿದ್ದೀರಿ ಎಂದು ಹೇಳಿದರೆ ಪರಿಶೀಲಿಸುವ ಮೇಷ್ಟ್ರಿಗೆ ಹುಡುಕಾಟ ಕಡಿಮೆ.

ಕೊನೆಯ ಆ ವಾಕ್ಯ ಬರೆಯಲು ಹಿಂಜರಿಯುವವರು ಮುಂದಿನ ವರ್ಷದ ವರದಿಯನ್ನೂ ತೆರೆದು ನೋಡಬಹುದು. 2024-25ರಲ್ಲಿ ಆದಾಯ ಶೇ 6.1, ಕಾರ್ಯಾಚರಣೆ ಲಾಭ ಶೇ 8.4 ಏರಿದವು. ನಿವ್ವಳ ಲಾಭ ಏರಿದ್ದು ಶೇ 1.8 ಮಾತ್ರ. ಅದಕ್ಕೆ ಒಂದು ದೊಡ್ಡ ಕಾರಣ, ಇತರೆ ಆದಾಯ 4,711 ಕೋಟಿಯಿಂದ 3,600 ಕೋಟಿಗೆ ಇಳಿದದ್ದು.